ಒಂದೇ ಚಿತ್ರಕ್ಕೆ ಮೂರು ಬರಹ ಯಾಕೆ?

ವರ್ಡ್‌ಪ್ರೆಸ್‌ನಲ್ಲಿ ಫೋಟೊ ಏರಿಸಿದ ಕೂಡಲೇ ಬದಿಯಲ್ಲಿ ನಾಲ್ಕು ಚೌಕಗಳು ತೆರೆದುಕೊಳ್ಳುತ್ತವೆ: Alternative Text, Title, Caption, Description. ಎರಡನೆಯದರಲ್ಲಿ ಫೈಲಿನ ಹೆಸರು ತಾನಾಗಿಯೇ ಬಂದು ಕೂತಿರುತ್ತದೆ. ಉಳಿದವು ಖಾಲಿ. ಬಹಳ ಜನ ಅವಸರದಲ್ಲಿ ಎಲ್ಲವನ್ನೂ ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ. ಸ್ವಲ್ಪ ಶ್ರದ್ಧೆ ಇರುವವರು ‘ಇಳಕಲ್ ಸೀರೆ’ ಎಂದು ಒಂದು ಕಡೆ ಬರೆದು, ಅದನ್ನೇ ನಕಲು ಮಾಡಿ ಎಲ್ಲ ಚೌಕಗಳಿಗೂ ಅಂಟಿಸುತ್ತಾರೆ. ಗೂಗಲ್‌ಗೆ ಎಷ್ಟು ಸಲ ಹೇಳಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಇದರ ಹಿಂದಿದೆ.

ಆ ನಂಬಿಕೆ ಸುಳ್ಳು. ಈ ಚೌಕಗಳನ್ನು ಓದುವವರು ಬೇರೆ ಬೇರೆ, ಓದುವ ಸಂದರ್ಭವೂ ಬೇರೆ. ಒಂದರಿಂದ ನಿಜವಾದ ಉಪಯೋಗವಿದೆ, ಇನ್ನೊಂದರಿಂದ ಬೇರೆ ರೀತಿಯ ಉಪಯೋಗವಿದೆ, ಮತ್ತೊಂದು ಹೆಚ್ಚುಕಡಿಮೆ ದಂಡ. ದಂಡದ್ದನ್ನು ಮೊದಲು ಮುಗಿಸಿಬಿಡೋಣ.

ಎಚ್‌ಟಿಎಂಎಲ್‌ನಲ್ಲಿ `title` ಎಂಬ ಗುಣವನ್ನು ಚಿತ್ರಕ್ಕೆ ಕೊಟ್ಟರೆ, ಮೌಸಿನ ಬಾಣವನ್ನು ಚಿತ್ರದ ಮೇಲೆ ತಂದು ಒಂದು ಕ್ಷಣ ನಿಲ್ಲಿಸಿದಾಗ ಸಣ್ಣ ಚೀಟಿಯೊಂದು ತೇಲಿಬರುತ್ತದೆ. ಅದರ ಕೆಲಸ ಅಷ್ಟೇ. ಮೊಬೈಲಿನಲ್ಲಿ ಬಾಣವೇ ಇಲ್ಲ, ಹಾಗಾಗಿ ಅಲ್ಲಿ ಚೀಟಿಯೂ ಇಲ್ಲ. ಕೈ ನಡುಗುವವರೂ ಕಣ್ಣು ಕಾಣದವರೂ ಮೌಸ್ ಬಿಟ್ಟು ಬರೀ ಕೀಬೋರ್ಡಿನಿಂದ ಪುಟದಲ್ಲಿ ಓಡಾಡುತ್ತಾರೆ. ಅವರಿಗೂ ಚೀಟಿ ಸಿಗುವುದಿಲ್ಲ. ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶ, ಇದನ್ನು ಕೆಲವೊಮ್ಮೆ ಓದುತ್ತದೆ, ಕೆಲವೊಮ್ಮೆ ಬಿಟ್ಟುಬಿಡುತ್ತದೆ. ಅದು ಯಾವ ತಂತ್ರಾಂಶ, ಅದರ ಸೆಟ್ಟಿಂಗ್ ಏನು ಎನ್ನುವುದರ ಮೇಲೆ ನಿಂತಿದೆ. ಎಚ್‌ಟಿಎಂಎಲ್‌ನ ಅಧಿಕೃತ ವಿವರಣೆಯೇ `title` ಅನ್ನು ನೆಚ್ಚಿಕೊಳ್ಳಬೇಡಿ ಎಂದು ಎಚ್ಚರಿಸುತ್ತದೆ. ಹುಡುಕುಯಂತ್ರಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ ಎಂದಲ್ಲ. ಆದರೆ ಉಳಿದೆರಡು ಕಡೆ ಸರಿಯಾಗಿ ಬರೆದ ಮೇಲೆ ಇದರಿಂದ ಹೊಸದಾಗಿ ಬರುವ ಲಾಭವನ್ನು ನಾನಂತೂ ಕಂಡಿಲ್ಲ.

ಹಾಗಿದ್ದರೆ ಇದರ ಮೇಲೆ ಇಷ್ಟು ಮೋಹ ಎಲ್ಲಿಂದ ಬಂತು? ತಪ್ಪು ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನದು. ಅದು ಆಲ್ಟ್ ಬರಹವನ್ನೇ ತೇಲುಚೀಟಿಯಾಗಿ ತೋರಿಸುತ್ತಿತ್ತು. ಒಂದು ತಲೆಮಾರಿನ ವೆಬ್ ಕೆಲಸಗಾರರು ಆಲ್ಟ್ ಅಂದರೆ ತೇಲುಚೀಟಿ ಎಂದೇ ಕಲಿತರು. 2009ರಲ್ಲಿ ಬಂದ ಎಂಟನೇ ಆವೃತ್ತಿ ಆ ಚಾಳಿ ಬಿಟ್ಟಿತು. ಚೀಟಿ ಕಾಣೆಯಾದದ್ದು ಕಂಡು ಜನ ಅದೇ ಮಾತನ್ನು `title`ಗೂ ತುಂಬತೊಡಗಿದರು. ಅಭ್ಯಾಸ ಉಳಿದುಕೊಂಡಿತು. ವರ್ಡ್‌ಪ್ರೆಸ್‌ನ Title ಚೌಕಕ್ಕೂ ಇದಕ್ಕೂ ಈಗ ಸಂಬಂಧವೇ ಇಲ್ಲ ಎನ್ನುವುದು ಇನ್ನೊಂದು ತಮಾಷೆ: ಅಲ್ಲಿ ಬರೆದದ್ದು ನಿಮ್ಮ ಚಿತ್ರಗಳ ಉಗ್ರಾಣದಲ್ಲಿ ಹುಡುಕಿಕೊಳ್ಳಲು ಇಟ್ಟ ಹೆಸರು ಮಾತ್ರ, ಓದುಗರ ಪುಟಕ್ಕೆ ತಾನಾಗಿ ಹೋಗುವುದಿಲ್ಲ.

ಇನ್ನು ಆಲ್ಟ್. ಚಿತ್ರ ಕಾಣದಾಗ ಅದರ ಜಾಗದಲ್ಲಿ ನಿಲ್ಲುವ ಮಾತು ಇದು. ನೆಟ್ ನಿಧಾನವಾಗಿ ಚಿತ್ರ ಇಳಿಯದಿದ್ದರೆ ಖಾಲಿ ಚೌಕದೊಳಗೆ ಇದೇ ಕಾಣುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಅವರ ಪಾಲಿನ ಚಿತ್ರ ಎಂದರೆ ಇದೇ. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ G ಕೀ ಒತ್ತಿದರೆ ಪುಟದ ಮುಂದಿನ ಚಿತ್ರಕ್ಕೆ ಹೋಗಬಹುದು. ಹೋದ ಕೂಡಲೇ ಅದು ‘ಇದು ಚಿತ್ರ’ ಎಂದು ತಾನೇ ಹೇಳಿ, ಆಮೇಲೆ ಆಲ್ಟ್ ಬರಹವನ್ನು ಓದುತ್ತದೆ. ಹೀಗಾಗಿ ಆಲ್ಟ್ ಅನ್ನು ‘ಇದು ಒಂದು ಚಿತ್ರವಾಗಿದ್ದು’ ಎಂದು ಶುರು ಮಾಡುವುದರಿಂದ ಕೇಳುವವರಿಗೆ ಕಿರಿಕಿರಿ ಬಿಟ್ಟು ಬೇರೇನೂ ಇಲ್ಲ.

ಆಲ್ಟ್ ಇಲ್ಲದಿರುವುದಕ್ಕೂ ಆಲ್ಟ್ ಖಾಲಿ ಇರುವುದಕ್ಕೂ ಇರುವ ವ್ಯತ್ಯಾಸ ಹಲವರಿಗೆ ಗೊತ್ತಿಲ್ಲ. `alt=""` ಎಂದು ಖಾಲಿಯಾಗಿ ಬರೆದರೆ ‘ಇದು ಬರೀ ಅಲಂಕಾರ, ದಾಟಿಕೊಂಡು ಹೋಗು’ ಎಂಬ ಸ್ಪಷ್ಟ ಸೂಚನೆ. ಸ್ಕ್ರೀನ್ ರೀಡರ್ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಲೇಖನದ ಭಾಗಗಳ ನಡುವೆ ಹಾಕುವ ಹೂಬಳ್ಳಿಗೆ ಇದೇ ಸರಿ. ಆದರೆ `alt` ಎಂಬ ಮಾತೇ ಇಲ್ಲದಿದ್ದರೆ ತಂತ್ರಾಂಶಕ್ಕೆ ಗೊಂದಲ. ಅದರಲ್ಲೂ ಆ ಚಿತ್ರ ಇನ್ನೊಂದು ಪುಟಕ್ಕೆ ಕೊಂಡಿಯಾಗಿದ್ದರೆ, ಹೇಳಲು ಬೇರೇನೂ ಸಿಗದೆ ಫೈಲಿನ ಹೆಸರನ್ನೋ ವಿಳಾಸವನ್ನೋ ಓದಲು ಕೂರುತ್ತದೆ. ‘ಐಎಂಜಿ ಅಂಡರ್‌ಸ್ಕೋರ್ ಎರಡು ಸೊನ್ನೆ ಎರಡು ಮೂರು...’ ಎಂದು ಶುರುವಾಗುವ ಆ ಪಾರಾಯಣವನ್ನು ಒಂದೇ ಪುಟದಲ್ಲಿ ಹತ್ತು ಸಲ ಕೇಳಿದವರು ಹನ್ನೊಂದನೇ ಸಲಕ್ಕೆ ಪುಟವನ್ನೇ ಮುಚ್ಚುತ್ತಾರೆ.

ಇದು ಕಿರಿಕಿರಿಯಷ್ಟೇ ಅಲ್ಲ, ಕಾನೂನಿನ ವಿಷಯವೂ ಹೌದು. ಜೂನ್ 1999ರಲ್ಲಿ ಬ್ರೂಸ್ ಮಗ್ವೈರ್ ಎಂಬ ಅಂಧ ವ್ಯಕ್ತಿ ಸಿಡ್ನಿ ಒಲಿಂಪಿಕ್ಸ್ ಸಂಘಟನಾ ಸಮಿತಿಯ ವಿರುದ್ಧ ಆಸ್ಟ್ರೇಲಿಯದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಅವರು ಬಳಸುತ್ತಿದ್ದದ್ದು ಪರದೆಯ ಅಕ್ಷರಗಳನ್ನು ಬ್ರೈಲ್ ಚುಕ್ಕೆಗಳಾಗಿ ಬೆರಳಿಗೆ ತಾಗಿಸುವ ಯಂತ್ರ. ಒಲಿಂಪಿಕ್ಸ್ ಜಾಲತಾಣದ ಚಿತ್ರಗಳಿಗೂ ಚಿತ್ರರೂಪದ ಕೊಂಡಿಗಳಿಗೂ ಎಲ್ಲ ಕಡೆ ಆಲ್ಟ್ ಬರಹ ಇರಲಿಲ್ಲ. ವೇಳಾಪಟ್ಟಿಯಿಂದ ಕ್ರೀಡೆಗಳ ಪಟ್ಟಿಗೆ ಹೋಗಲು ಅವರಿಗೆ ದಾರಿ ಇರಲಿಲ್ಲ. ಫಲಿತಾಂಶದ ಕೋಷ್ಟಕಗಳು ಓದಲು ಬರುತ್ತಿರಲಿಲ್ಲ. ಸರಿಪಡಿಸಲು ಇಪ್ಪತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಖರ್ಚಾಗುತ್ತದೆ, ವರ್ಷವೇ ಹಿಡಿಯುತ್ತದೆ ಎಂದು ಸಮಿತಿ ವಾದಿಸಿತು. ಇದು ಸಣ್ಣ ತಂಡವೊಂದಕ್ಕೆ ಕೆಲವು ವಾರಗಳ ಕೆಲಸ ಎಂದು ದೂರುದಾರರ ಪರ ತಜ್ಞರು ಹೇಳಿದರು. ಕ್ರೀಡಾಕೂಟ ಶುರುವಾಗುವ ಮೊದಲೇ, ಆಗಸ್ಟ್ 2000ರಲ್ಲಿ, ತೀರ್ಪು ಮಗ್ವೈರ್ ಪರ ಬಂತು. ಸಮಿತಿ ಅದನ್ನು ಪೂರ್ತಿ ಪಾಲಿಸದೇ ಹೋದದ್ದಕ್ಕೆ 20,000 ಡಾಲರ್ ಪರಿಹಾರ ಕಟ್ಟಬೇಕಾಯಿತು. ಗಮನಿಸಬೇಕಾದದ್ದು, ಚಿತ್ರಗಳ ಕುರಿತ ಆ ದೂರು ಎತ್ತಿದ್ದು ಆಲ್ಟ್ ಕೊರತೆಯನ್ನು. ವೆಬ್ಬಿನ ಸುಗಮ್ಯತೆಗೆ ಜಗತ್ತು ಒಪ್ಪಿಕೊಂಡಿರುವ ಡಬ್ಲ್ಯುಸಿಎಜಿ ನಿಯಮಾವಳಿಯ ಮೊದಲನೇ ನಿಯಮವೂ ಚಿತ್ರಕ್ಕೆ ಪಠ್ಯದ ಬದಲಿ ಇರಬೇಕು ಎಂಬುದೇ, ಅದೂ ಕನಿಷ್ಠ ದರ್ಜೆಯಲ್ಲಿ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆ ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಏಪ್ರಿಲ್ 2025ರಲ್ಲಿ ಹೇಳಿದ್ದೂ ಆಗಿದೆ.

ಈಗ ಒಂದು ಚಿತ್ರವನ್ನು ಕೈಗೆತ್ತಿಕೊಳ್ಳೋಣ. ಇಳಕಲ್ ಸೀರೆಯ ನೇಯ್ಗೆ ಕುರಿತು ಲೇಖನವಿದೆ ಎಂದುಕೊಳ್ಳಿ. ಈ ಸೀರೆಯ ವೈಶಿಷ್ಟ್ಯ, ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ. ಲೇಖನದ ಮಧ್ಯೆ ಇರುವ ಫೋಟೊ ಆ ಜೋಡಣೆಯದೇ. ಇದಕ್ಕೆ ಸಾಮಾನ್ಯವಾಗಿ ಕಾಣುವ ಆಲ್ಟ್ ‘ಇಳಕಲ್ ಸೀರೆ’. ತಪ್ಪಲ್ಲ, ಆದರೆ ಲೇಖನದ ತಲೆಬರಹದಲ್ಲೇ ಆ ಮಾತಿದೆ; ಫೋಟೊದಲ್ಲಿ ಏನಿದೆ ಎಂದು ಕಾಣದವರಿಗೆ ಏನೂ ಸಿಗಲಿಲ್ಲ. ಇನ್ನೊಂದು ಬಗೆ ‘ಇಳಕಲ್ ಸೀರೆ, ಇಳಕಲ್ ಸೀರೆ ಬೆಲೆ, ಕೈಮಗ್ಗದ ಸೀರೆ, ಒರಿಜಿನಲ್ ಇಳಕಲ್ ಸೀರೆ ಆನ್‌ಲೈನ್’ ಎನ್ನುವಂಥದು. ಇದನ್ನು ಕಿವಿಯಲ್ಲಿ ಕೇಳಬೇಕಾದವರನ್ನು ನೆನೆಸಿಕೊಳ್ಳಿ. ಗೂಗಲ್ ಕೂಡ ಹೀಗೆ ಪದ ತುರುಕುವುದನ್ನು ಕಸ ಎಂದೇ ಪರಿಗಣಿಸಬಹುದು ಎಂದು ತನ್ನ ಮಾರ್ಗದರ್ಶಿಯಲ್ಲಿ ಎಚ್ಚರಿಸಿದೆ.

ಸರಿಯಾದದ್ದು ಹೀಗಿರಬಹುದು:

```html
<figure>
  <img src="ilkal-kondi.jpg"
       alt="ಕೈಮಗ್ಗದ ಮುಂದೆ ಕೂತ ಮಹಿಳೆ ಕೆಂಪು ಸೆರಗಿನ ಎಳೆಗಳ ಕುಣಿಕೆಗೆ ನೀಲಿ ಒಡಲಿನ ಎಳೆಗಳನ್ನು ಬೆರಳಿನಿಂದ ಸಿಕ್ಕಿಸುತ್ತಿದ್ದಾರೆ">
  <figcaption>ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ.
  ಇವೆರಡನ್ನೂ ಜೋಡಿಸುವ ಕೆಲಸಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ.</figcaption>
</figure>
```

ಆಲ್ಟ್ ಹೇಳುತ್ತಿರುವುದು ಕಣ್ಣಿಗೆ ಕಾಣುವುದನ್ನು. ಕ್ಯಾಪ್ಶನ್ ಹೇಳುತ್ತಿರುವುದು ಕಣ್ಣಿದ್ದವರಿಗೂ ಚಿತ್ರ ನೋಡಿದ ಮಾತ್ರಕ್ಕೆ ಗೊತ್ತಾಗದ್ದನ್ನು: ಇದೇನು, ಎಲ್ಲಿಯದು, ಯಾಕೆ ಹೀಗೆ, ಫೋಟೊ ಯಾರದು. ಎರಡರಲ್ಲೂ ಒಂದೇ ಮಾತು ಹಾಕಿದರೆ ಸ್ಕ್ರೀನ್ ರೀಡರ್ ಅದನ್ನು ಒಂದರ ಹಿಂದೊಂದು ಎರಡು ಸಲ ಓದುತ್ತದೆ. `title`ಗೂ ಅಂಟಿಸಿದ್ದರೆ ಮೂರನೇ ಸಲ ಕೇಳುವ ಸಂಭವವೂ ಇದೆ. ಕ್ಯಾಪ್ಶನ್ ಚೆನ್ನಾಗಿದೆಯಲ್ಲ, ಆಲ್ಟ್ ಖಾಲಿ ಬಿಡೋಣವೇ ಎಂದು ಕೆಲವರು ಕೇಳುತ್ತಾರೆ. ಬೇಡ. ಖಾಲಿ ಬಿಟ್ಟರೆ ಅಲ್ಲೊಂದು ಚಿತ್ರವಿದೆ ಎಂಬುದೇ ಅವರಿಗೆ ತಿಳಿಯದೆ, ಕ್ಯಾಪ್ಶನ್ ಯಾವುದರ ಬಗ್ಗೆ ಎಂದು ಅರ್ಥವಾಗದೆ ಹೋಗಬಹುದು.

ಆಲ್ಟ್ ಎಷ್ಟು ಉದ್ದ ಇರಬೇಕು? 125 ಅಕ್ಷರ ಮೀರಬಾರದು ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಎಚ್‌ಟಿಎಂಎಲ್‌ನಲ್ಲಿ ಅಂಥ ಮಿತಿಯೇ ಇಲ್ಲ. ಮಿತಿ ಇರುವುದು ಕೇಳುವವರ ತಾಳ್ಮೆಗೆ. ಪುಟದ ಪಠ್ಯವನ್ನಾದರೆ ಸಾಲು ಸಾಲಾಗಿ ನಿಲ್ಲಿಸಿ ಓದಿಸಿಕೊಳ್ಳಬಹುದು, ಆಲ್ಟ್ ಮಾತ್ರ ಒಂದೇ ಉಸಿರಿಗೆ ಬಂದುಬಿಡುತ್ತದೆ. ಹಾಗಾಗಿ ಒಂದು ವಾಕ್ಯ, ಹೆಚ್ಚೆಂದರೆ ಎರಡು. ಅದಕ್ಕೂ ಮೀರಿ ಹೇಳುವುದಿದ್ದರೆ ಲೇಖನದೊಳಗೇ ಹೇಳಬೇಕು. ನಕ್ಷೆ, ಕೋಷ್ಟಕ, ಅಂಕಿಅಂಶದ ಚಿತ್ರಗಳಿಗೆ ಇದು ಮುಖ್ಯ: ‘ಐದು ವರ್ಷಗಳ ಮಳೆಯ ಪ್ರಮಾಣದ ಸ್ತಂಭಚಿತ್ರ, ವಿವರ ಕೆಳಗಿನ ಪಟ್ಟಿಯಲ್ಲಿ’ ಎಂದು ಆಲ್ಟ್‌ನಲ್ಲಿ ಬರೆದು, ಅಂಕಿಗಳನ್ನು ಎಲ್ಲರಿಗೂ ಕಾಣುವ ಪಟ್ಟಿಯಾಗಿ ಕೊಡುವುದೇ ವಾಸಿ.

ಅದೇ ಸೀರೆ ಅಂಗಡಿಯ ಪುಟಕ್ಕೆ ಬಂದಾಗ ಆಲ್ಟ್ ಬದಲಾಗುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಬಣ್ಣ ಮತ್ತು ವಿನ್ಯಾಸ: ‘ನೀಲಿ ಒಡಲು, ಕೆಂಪು ಅಂಚು, ಕೆಂಪು ಸೆರಗಿನ ಮೇಲೆ ಬಿಳಿ ಹಲ್ಲುಹಲ್ಲಾದ ಟೋಪ್ ತೆನಿ ವಿನ್ಯಾಸ ಇರುವ ಇಳಕಲ್ ಸೀರೆ’. ಮಡಿಸಿಟ್ಟ ನೋಟ, ಅಂಚಿನ ಹತ್ತಿರದ ನೋಟ ಎಂದು ನಾಲ್ಕು ಫೋಟೊ ಇದ್ದರೆ ನಾಲ್ಕಕ್ಕೂ ಒಂದೇ ಆಲ್ಟ್ ಸಲ್ಲದು. ಇನ್ನು ಮೇಲ್ಮೂಲೆಯಲ್ಲಿ ಖರೀದಿ ಬುಟ್ಟಿಯ ಪುಟಕ್ಕೆ ಕರೆದೊಯ್ಯುವ ಪುಟ್ಟ ಚಿತ್ರ ಇರುತ್ತದಲ್ಲ, ಅದರ ಆಲ್ಟ್ ‘ತಳ್ಳುಗಾಡಿಯ ಚಿತ್ರ’ ಅಲ್ಲ, ‘ನಿಮ್ಮ ಖರೀದಿ ಬುಟ್ಟಿ’. ಚಿತ್ರ ಕೊಂಡಿಯಾದ ಕೂಡಲೇ ಅದು ಹೇಗಿದೆ ಎನ್ನುವುದು ಹಿಂದೆ ಸರಿಯುತ್ತದೆ, ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎನ್ನುವುದು ಮುಂದೆ ಬರುತ್ತದೆ.

ಹುಡುಕಾಟದ ಲೆಕ್ಕಕ್ಕೆ ಬರೋಣ. ಆಲ್ಟ್ ಬರಹ, ಚಿತ್ರವನ್ನೇ ಗುರುತಿಸುವ ಕಂಪ್ಯೂಟರ್ ವಿಧಾನಗಳು ಮತ್ತು ಪುಟದ ಪಠ್ಯ, ಈ ಮೂರನ್ನೂ ಸೇರಿಸಿ ಚಿತ್ರದ ವಿಷಯವನ್ನು ತಿಳಿಯುತ್ತೇವೆ ಎಂದು ಗೂಗಲ್ ಹೇಳಿಕೊಂಡಿದೆ. ಯಂತ್ರ ತಾನಾಗಿ ‘ಸೀರೆ’, ‘ಮಗ್ಗ’ ಎನ್ನುವಷ್ಟನ್ನು ಗುರುತಿಸಬಲ್ಲದು. ಅದು ಕೊಂಡಿ ಹಾಕುವ ಕೆಲಸ ಎಂದು ಹೇಳಬೇಕಾದದ್ದು ನೀವೇ. ಈ ಮಾಹಿತಿಯಿಂದ ಲಾಭ ಸಿಗುವುದು ಮುಖ್ಯವಾಗಿ ಚಿತ್ರಗಳ ಹುಡುಕಾಟದಲ್ಲಿ. ಸಾಮಾನ್ಯ ಹುಡುಕಾಟದಲ್ಲಿ ಆಲ್ಟ್ ಎಂದರೆ ಪುಟದ ಪಠ್ಯಕ್ಕೆ ಸೇರಿದ ಇನ್ನೊಂದು ಸಾಲು ಅಷ್ಟೇ. ಪುಟದಲ್ಲಿ ಈಗಾಗಲೇ ಇರುವ ಮಾತನ್ನೇ ಅಲ್ಲಿ ಬರೆದರೆ ಪುಟ ಮೇಲೇರುವುದಿಲ್ಲ. ಆಲ್ಟ್ ತುಂಬಿಸಿ ನಿಮ್ಮ ತಾಣವನ್ನು ಮೊದಲ ಸ್ಥಾನಕ್ಕೆ ತರುತ್ತೇವೆ ಎನ್ನುವ ಸೇವಾದಾರರು ಮಾರುತ್ತಿರುವುದು ಏನು ಎಂದು ಇದರಿಂದ ಊಹಿಸಿಕೊಳ್ಳಿ. ಒಂದು ಕಡೆ ಮಾತ್ರ ಆಲ್ಟ್‌ಗೆ ಹೆಚ್ಚಿನ ತೂಕವಿದೆ: ಚಿತ್ರ ಕೊಂಡಿಯಾಗಿದ್ದಾಗ. ಅಕ್ಷರದ ಕೊಂಡಿಯಲ್ಲಿ ಒತ್ತುವ ಪದಗಳು ಮುಂದಿನ ಪುಟದ ಬಗ್ಗೆ ಸುಳಿವು ಕೊಡುವಂತೆ, ಚಿತ್ರದ ಕೊಂಡಿಯಲ್ಲಿ ಆ ಕೆಲಸ ಆಲ್ಟ್‌ನದು.

ಕ್ಯಾಪ್ಶನ್ ಹುಡುಕಾಟದಲ್ಲಿ ಕೆಲಸ ಮಾಡುವ ರೀತಿ ಬೇರೆ. ಅದು ಎಲ್ಲರಿಗೂ ಕಾಣುವ ಪಠ್ಯ, ಚಿತ್ರಕ್ಕೆ ಅಂಟಿಕೊಂಡೇ ಇರುವ ಪಠ್ಯ. ಚಿತ್ರದ ವಿಷಯ ತಿಳಿಯಲು ಕ್ಯಾಪ್ಶನ್ ನೋಡುತ್ತೇವೆ ಎಂದು ಗೂಗಲ್ ಹೆಸರು ಹಿಡಿದೇ ಹೇಳುತ್ತದೆ. ಊರು, ವ್ಯಕ್ತಿ, ವರ್ಷದಂಥ ಹೆಸರುಗಳಿಗೆ ಸಹಜವಾದ ಜಾಗ ಇದು. ಹಾಗಾಗಿ ನನ್ನ ತೀರ್ಮಾನ ಹೀಗೆ: ಕಾಣದವರಿಗೆ ಆಲ್ಟ್‌ಗೆ ಸಾಟಿ ಇಲ್ಲ, ಹುಡುಕಾಟಕ್ಕೆ ಆಲ್ಟ್ ಮತ್ತು ಕ್ಯಾಪ್ಶನ್ ಎರಡೂ ಬೇಕು, ಕ್ಯಾಪ್ಶನ್ ಜೊತೆಗೆ ಓದುಗರನ್ನೂ ಹಿಡಿದಿಡುತ್ತದೆ, `title` ಎರಡು ಲೆಕ್ಕದಲ್ಲೂ ಕೊನೆಗೆ. ಆದರೆ ಪ್ರತಿ ಚಿತ್ರಕ್ಕೂ ಕ್ಯಾಪ್ಶನ್ ಬೇಕಿಲ್ಲ. ಹೇಳಲು ಏನೂ ಇಲ್ಲದ ಕಡೆ ‘ಸುಂದರ ಸೂರ್ಯಾಸ್ತ’ ಎಂದು ಬರೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಕನ್ನಡದ ತಾಣಗಳಲ್ಲಿ ಇದರ ಜೊತೆಗೆ ನಮ್ಮದೇ ಆದ ಎರಡು ತೊಡಕುಗಳಿವೆ.

ಮೊದಲನೆಯದು ಹಳೆಯ ಅಕ್ಷರಸಂಕೇತ. ಡಿಟಿಪಿ ಮಾಡುವವರು ನುಡಿಯ ಹಳೆಯ ಫಾಂಟಿನಲ್ಲಿ ಕೀಲಿಸಿದ ಮಾತು ಪುಟದಲ್ಲಿ ಅದೇ ಫಾಂಟಿನಡಿ ಕನ್ನಡವಾಗಿಯೇ ಕಾಣುತ್ತದೆ. ಅದನ್ನೇ ಎತ್ತಿ ಆಲ್ಟ್ ಚೌಕಕ್ಕೆ ಹಾಕಿದರೆ ಅಲ್ಲಿ ಉಳಿಯುವುದು ‘ಕನ್ನಡ’ ಅಲ್ಲ, `PÀ£ÀßqÀ`. ಫಾಂಟಿನ ಮುಸುಕು ಕಣ್ಣಿಗೆ ಮಾತ್ರ. ಸ್ಕ್ರೀನ್ ರೀಡರ್ ಆ ವಿಚಿತ್ರ ರೋಮನ್ ಅಕ್ಷರಗಳನ್ನೇ ಉಚ್ಚರಿಸಲು ಹೆಣಗುತ್ತದೆ, ಹುಡುಕುಯಂತ್ರಕ್ಕೂ ಸಿಗುವುದು ಅದೇ. ವರ್ಡ್‌ಪ್ರೆಸ್‌ನ ಚೌಕದಲ್ಲಿ ಅಂಟಿಸಿದಾಗಲೇ ಗೋಜಲು ಕಣ್ಣಿಗೆ ಬೀಳುತ್ತದೆ, ಆದರೆ ಫೈಲುಗಳನ್ನು ಸಾರಾಸಗಟಾಗಿ ಏರಿಸುವ ಕಡೆ ಯಾರೂ ನೋಡುವುದಿಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೊಂದೇ ದಾರಿ.

ಎರಡನೆಯದು ಭಾಷೆಯ ಗುರುತು. ಪುಟದ ಮೊದಲ ಸಾಲಿನಲ್ಲಿ `<html lang="en">` ಎಂದೇ ಉಳಿದುಬಿಟ್ಟ ಕನ್ನಡ ತಾಣಗಳು ಎಷ್ಟೋ. ಸಿದ್ಧ ವಿನ್ಯಾಸವನ್ನು ತಂದು ಹಾಕಿ ಭಾಷೆ ಬದಲಿಸಲು ಮರೆತ ಫಲ. ಸ್ಕ್ರೀನ್ ರೀಡರ್ ಯಾವ ಧ್ವನಿಯಲ್ಲಿ ಓದಬೇಕೆಂದು ತೀರ್ಮಾನಿಸಲು ಈ ಗುರುತನ್ನು ನೋಡುತ್ತದೆ. ಇಂಗ್ಲಿಷ್ ಧ್ವನಿಗೆ ಕನ್ನಡದ ಆಲ್ಟ್ ಕೊಟ್ಟರೆ ಒಂದೋ ಮೌನ, ಇಲ್ಲವೇ ಅರ್ಥವಾಗದ ಸದ್ದು. `lang="kn"` ಎಂದು ತಿದ್ದಿದರೆ, ಕೇಳುವವರ ಬಳಿ ಕನ್ನಡದ ಧ್ವನಿ ಇದ್ದರೆ, ಅದು ಕೆಲಸಕ್ಕೆ ಬರುತ್ತದೆ. ಇಂಗ್ಲಿಷ್ ಪುಟದ ನಡುವೆ ಒಂದೇ ಚಿತ್ರಕ್ಕೆ ಕನ್ನಡದ ಆಲ್ಟ್ ಬರೆದಿದ್ದರೆ ಆ `img` ಒಳಗೇ ಈ ಗುರುತು ಹಾಕಬಹುದು.

ಇವೆರಡಕ್ಕಿಂತ ದೊಡ್ಡ ಪಿಡುಗು ಅಕ್ಷರಗಳನ್ನೇ ಚಿತ್ರವಾಗಿಸುವುದು. ಆಹ್ವಾನಪತ್ರ, ಸುತ್ತೋಲೆ, ಪತ್ರಿಕೆಯ ತುಣುಕು, ಕವನ ಎಲ್ಲವೂ ಜೆಪೆಗ್ ಆಗಿ ಬರುತ್ತವೆ. ಕಾರ್ಯಕ್ರಮದ ದಿನ, ಹೊತ್ತು, ಜಾಗ ಎಲ್ಲ ಬಣ್ಣದ ಚೌಕದೊಳಗೆ ಬಂದಿ. ಆಲ್ಟ್‌ನಲ್ಲಿ ‘ಆಹ್ವಾನ’ ಎಂಬ ಒಂದು ಪದ. ಚಿತ್ರದೊಳಗಿನ ಮಾತು ಎರಡು ಸಾಲಿನದಾದರೆ ಅದನ್ನೇ ಆಲ್ಟ್‌ಗೆ ಬರೆಯಿರಿ. ಅದಕ್ಕಿಂತ ಹೆಚ್ಚಿದ್ದರೆ ಕೆಳಗೆ ಪಠ್ಯವಾಗಿಯೇ ಹಾಕಿ. ಹುಡುಕಾಟದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುವುದು ಇದೊಂದರಿಂದ, ಯಾಕೆಂದರೆ ಪುಟದಲ್ಲಿ ಇಲ್ಲದೇ ಇದ್ದ ಮಾತುಗಳು ಆಗ ಹೊಸದಾಗಿ ಬಂದವು.

ಸಾವಿರಾರು ಹಳೆಯ ಫೋಟೊಗಳಿರುವ ತಾಣವನ್ನು ಸರಿಪಡಿಸಲು ಹೊರಟವರು ವರ್ಡ್‌ಪ್ರೆಸ್‌ನ ಒಂದು ಸಂಗತಿ ತಿಳಿದಿರಬೇಕು. ಉಗ್ರಾಣದಲ್ಲಿ ಆಲ್ಟ್ ತಿದ್ದಿದರೆ ಇನ್ನು ಮುಂದೆ ಸೇರಿಸುವ ಲೇಖನಗಳಿಗೆ ಮಾತ್ರ ಅದು ಹೋಗುತ್ತದೆ. ಈಗಾಗಲೇ ಲೇಖನದೊಳಗೆ ಕೂತಿರುವ ಚಿತ್ರಕ್ಕೆ ಹಳೆಯದೇ, ಇಲ್ಲವೇ ಖಾಲಿಯೇ. ಲೇಖನ ತೆರೆದು ಅಲ್ಲೇ ತಿದ್ದಬೇಕು. ಆದ್ದರಿಂದ ಆಯ್ಕೆ ಮಾಡಿಕೊಳ್ಳಿ: ಮೊದಲು ಕೊಂಡಿಯಾಗಿರುವ ಚಿತ್ರಗಳು, ಆಮೇಲೆ ಅಕ್ಷರ ತುಂಬಿದ ಚಿತ್ರಗಳು, ನಂತರ ಇಂದಿಗೂ ಜನ ಓದುತ್ತಿರುವ ಲೇಖನಗಳ ಫೋಟೊಗಳು. ಒಂದು ಪುಟ ಮುಗಿದ ಮೇಲೆ ಬ್ರೌಸರಿನಲ್ಲಿ ಚಿತ್ರಗಳನ್ನು ಆಫ್ ಮಾಡಿ ಓದಿ ನೋಡಿ. ಖಾಲಿ ಚೌಕಗಳ ಜಾಗದಲ್ಲಿ ನಿಂತ ಮಾತುಗಳ ಜೊತೆ ಲೇಖನ ಕಡಿಯದೆ ಸಾಗಿದರೆ ಆ ಪುಟ ಸರಿಯಾಯಿತು. ಹಳೆಯ `title`ಗಳನ್ನು ಹುಡುಕಿ ಅಳಿಸುತ್ತ ಕೂರಬೇಡಿ, ಅದಕ್ಕೆ ಇರುವ ಸಮಯವನ್ನು ಇನ್ನೆರಡು ಆಲ್ಟ್ ಬರೆಯಲು ಕೊಡಿ.